ನರನಾಳ ಮುಚ್ಚುವ 28 ದಿನಗಳು: ಸೊಪ್ಪು, ಕಾಳು, ಮಾತ್ರೆಯಿಂದ ಫೋಲೇಟ್ ಸೇರಿಸಿಕೊಳ್ಳುವ ಬಗೆ

ಗರ್ಭ ನಿಂತಿದೆ ಎಂದು ಗೊತ್ತಾದ ಮೇಲೆ ಸೊಪ್ಪು, ಬೇಳೆಕಾಳುಗಳ ಕಡೆ ಗಮನ ಕೊಡುವವರು ಬಹಳ ಮಂದಿ. ಅವು ಗರ್ಭದ ಎಲ್ಲ ತಿಂಗಳುಗಳಲ್ಲೂ ಬೇಕಾದವೇ. ಆದರೆ ಮುಂದೆ ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳದ ದೋಷವನ್ನು ತಡೆಯುವುದು ಉದ್ದೇಶವಾಗಿದ್ದರೆ ಆಗ ಶುರು ಮಾಡಿದ್ದು ತಡವಾಗಿಬಿಟ್ಟಿರುತ್ತದೆ. ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಎಷ್ಟು ಬೇಕು ಎನ್ನುವುದಕ್ಕಿಂತ ಯಾವಾಗ ಬೇಕು ಎನ್ನುವುದನ್ನು ಮೊದಲು ತಿಳಿಯಬೇಕು. ಯಾವಾಗ ಎನ್ನುವುದು ಸ್ಪಷ್ಟವಾದರೆ ಅಡುಗೆಮನೆಯಲ್ಲಿ ಏನು ಮಾಡಬೇಕು, ಮಾತ್ರೆ ಏಕೆ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

28 ದಿನಕ್ಕೊಮ್ಮೆ ಮುಟ್ಟಾಗುವ ಒಬ್ಬ ಮಹಿಳೆಯ ಉದಾಹರಣೆ ನೋಡೋಣ. ಅವರ ಕೊನೆಯ ಮುಟ್ಟಿನ ಮೊದಲ ದಿನ ಜನವರಿ 1. ಅಂಡಾಣು ಹೊರಬಂದು ಗರ್ಭಧಾರಣೆಯಾಗುವುದು ಸುಮಾರು ಜನವರಿ 15ಕ್ಕೆ. ಮುಂದಿನ ಮುಟ್ಟು ಜನವರಿ 29ಕ್ಕೆ ಬರಬೇಕಿತ್ತು, ಬರಲಿಲ್ಲ. ನಾಲ್ಕೈದು ದಿನ ಕಾದು ಫೆಬ್ರವರಿ 3ರಂದು ಪರೀಕ್ಷೆ ಮಾಡಿಕೊಂಡರು, ಗರ್ಭ ನಿಂತಿರುವುದು ಖಚಿತವಾಯಿತು.

ಇದೇ ದಿನಗಳಲ್ಲಿ ಒಳಗೆ ನಡೆಯುತ್ತಿರುವುದು ಬೇರೆಯೇ. ಭ್ರೂಣದ ಬೆನ್ನಿನ ಕಡೆ ಜೀವಕೋಶಗಳ ಒಂದು ಚಪ್ಪಟೆ ಪದರ ಮೂಡಿರುತ್ತದೆ. ಅದರ ಎರಡೂ ಅಂಚುಗಳು ಮೇಲೆದ್ದು, ಒಂದರ ಕಡೆಗೊಂದು ಬಾಗಿ, ನಡುವೆ ಕೂಡಿಕೊಂಡು ಒಂದು ಕೊಳವೆಯಾಗುತ್ತವೆ. ಇದೇ ನರನಾಳ. ಮುಂದೆ ಇದರ ಮೇಲ್ತುದಿ ಮೆದುಳಾಗುತ್ತದೆ, ಉಳಿದದ್ದು ಬೆನ್ನುಹುರಿಯಾಗುತ್ತದೆ. ಅಂಚುಗಳು ಕೂಡಿಕೊಳ್ಳುವ ಕೆಲಸ ಗರ್ಭಧಾರಣೆಯಾದ ಸುಮಾರು 22ನೇ ದಿನ ಶುರುವಾಗಿ 28ನೇ ದಿನದ ಹೊತ್ತಿಗೆ ಮುಗಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಆ ದಿನ ಫೆಬ್ರವರಿ 12.

ಅಂದರೆ ಪರೀಕ್ಷೆಯ ಫಲಿತಾಂಶ ಕೈಗೆ ಸಿಕ್ಕ ಮೇಲೆ ಉಳಿದಿರುವುದು ಒಂಬತ್ತೇ ದಿನ. ಕೊನೆಯ ಮುಟ್ಟಿನಿಂದ ಎಣಿಸಿ ಎಂಟು ವಾರ ತುಂಬಿದಾಗ, ಅಂದರೆ ಫೆಬ್ರವರಿ 26ರಂದು, ಮೊದಲ ಬಾರಿ ವೈದ್ಯರನ್ನು ಕಂಡು ಅಂದು ಫೋಲೇಟಿನ ಮಾತ್ರೆ ರೂಪವಾದ ಫೋಲಿಕ್ ಆಮ್ಲದ ಚೀಟಿ ಬರೆಸಿಕೊಂಡರೆ ನರನಾಳ ಮುಚ್ಚಿ ಎರಡು ವಾರ ಕಳೆದಿರುತ್ತದೆ. ಮುಟ್ಟು ಕ್ರಮವಾಗಿ ಬರದವರಿಗೆ ಗರ್ಭ ನಿಂತದ್ದು ಗೊತ್ತಾಗುವುದೇ ಇನ್ನೂ ತಡ.

ಮೇಲ್ತುದಿ ಮುಚ್ಚದೆ ಉಳಿದರೆ ಅನೆನ್ಸೆಫಲಿ ಎಂಬ ಸ್ಥಿತಿ ಉಂಟಾಗುತ್ತದೆ. ಮೆದುಳಿನ ಬಹುಭಾಗವೂ ತಲೆಬುರುಡೆಯೂ ಬೆಳೆಯುವುದಿಲ್ಲ, ಮಗು ಉಳಿಯುವುದಿಲ್ಲ. ಕೆಳಗೆಲ್ಲೋ ತೆರೆದುಕೊಂಡರೆ ಅದು ಸ್ಪೈನಾ ಬಿಫಿಡಾ. ಮಗು ಬದುಕುತ್ತದೆ. ಆದರೆ ತೆರೆದ ಜಾಗ ಎಷ್ಟು ಮೇಲಿದೆ ಎನ್ನುವುದರ ಮೇಲೆ ಕಾಲುಗಳ ಬಲ, ಮೂತ್ರ ಮತ್ತು ಮಲದ ಹಿಡಿತ ಕುಂದಬಹುದು, ತಲೆಯಲ್ಲಿ ನೀರು ತುಂಬಿಕೊಳ್ಳಬಹುದು. ಒಮ್ಮೆ ಮುಚ್ಚದೆ ಉಳಿದ ನರನಾಳವನ್ನು ಆಮೇಲೆ ತಿಂದ ಯಾವ ಫೋಲೇಟೂ ಮುಚ್ಚಿಸಲಾರದು.

ಎರಡು-ಮೂರು ತಿಂಗಳ ಮುಂಚಿನ ದಿನಾಂಕ ಗುರುತು ಮಾಡಿ

ಹಾಗಾದರೆ ಗರ್ಭಧಾರಣೆಗೆ ಒಂದು ವಾರ ಮೊದಲು ಶುರು ಮಾಡಿದರೆ ಸಾಲದೇ? ಸಾಲದು. ಅದಕ್ಕೆ ಕಾರಣ ರಕ್ತದಲ್ಲಿದೆ.

ಇಂದು ತಿಂದ ಊಟದ ಫೋಲೇಟ್ ರಕ್ತದ ದ್ರವಭಾಗದಲ್ಲಿ ಬೇಗನೆ ಕಾಣಿಸಿಕೊಂಡು ಬೇಗನೆ ಇಳಿಯುತ್ತದೆ. ದೇಹದ ನಿಜವಾದ ಸಂಗ್ರಹವನ್ನು ತೋರಿಸುವುದು ಕೆಂಪು ರಕ್ತಕಣಗಳಲ್ಲಿರುವ ಫೋಲೇಟ್. ಅದು ಆ ಕಣಗಳೊಳಗೆ ಸೇರಿಕೊಳ್ಳುವುದು ಅವು ಮೂಳೆಮಜ್ಜೆಯಲ್ಲಿ ತಯಾರಾಗುವಾಗ ಮಾತ್ರ. ತಯಾರಾದ ಕಣ ಸುಮಾರು 120 ದಿನ ಬದುಕುತ್ತದೆ. ಹಳೆಯ ಕಣಗಳು ಸತ್ತು, ಫೋಲೇಟ್ ತುಂಬಿದ ಹೊಸವು ಆ ಜಾಗಕ್ಕೆ ಬರುತ್ತ ಹೋದಂತೆ ಮಟ್ಟ ನಿಧಾನವಾಗಿ ಏರುತ್ತದೆ. ಗರ್ಭಧಾರಣೆಯ ವಯಸ್ಸಿನ ಮಹಿಳೆಯರಲ್ಲಿ ನರನಾಳದ ದೋಷದ ಅಪಾಯ ಅತಿ ಕಡಿಮೆಯಾಗಬೇಕಾದರೆ ಕೆಂಪು ಕಣಗಳ ಫೋಲೇಟ್ ಮಿಲಿಲೀಟರಿಗೆ 400 ನ್ಯಾನೋಗ್ರಾಂಗಿಂತ ಮೇಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದು ಜನಸಮುದಾಯದ ಸ್ಥಿತಿ ಅಳೆಯಲು ಇಟ್ಟ ಗಡಿ. ಹಾಗಾಗಿ ಪ್ರತಿಯೊಬ್ಬರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ. ನಾವು ಗಮನಿಸಬೇಕಾದದ್ದು ಇಷ್ಟು: ದಿನವೂ ತಪ್ಪದೆ ತೆಗೆದುಕೊಂಡರೂ ಆ ಮಟ್ಟ ಮುಟ್ಟಲು ಎರಡು-ಮೂರು ತಿಂಗಳು ಹಿಡಿಯಬಹುದು, ಆರಂಭದ ಮಟ್ಟ ಕಡಿಮೆ ಇದ್ದವರಿಗೆ ಇನ್ನೂ ಹೆಚ್ಚು.

ಮೇಲಿನ ಮಹಿಳೆಗೆ ಜನವರಿ ಮಧ್ಯದಲ್ಲಿ ಗರ್ಭ ನಿಲ್ಲಬಹುದು ಎಂದಾದರೆ ಅವರು ಶುರು ಮಾಡಬೇಕಾದದ್ದು ಅಕ್ಟೋಬರ್ ಮಧ್ಯದಲ್ಲಿ. ಗರ್ಭನಿರೋಧಕ ನಿಲ್ಲಿಸುವ ಯೋಚನೆ ಬಂದ ದಿನವೇ ಫೋಲೇಟ್ ಶುರು ಮಾಡುವ ದಿನ ಎಂದುಕೊಂಡರೆ ಲೆಕ್ಕ ಸುಲಭ. ಮಗು ಬೇಕೆಂದು ಯೋಚಿಸದೆಯೇ ಗರ್ಭ ನಿಲ್ಲುವ ಸಾಧ್ಯತೆ ಇರುವವರು ವರ್ಷವಿಡೀ ತೆಗೆದುಕೊಳ್ಳುವುದು ಲೇಸು.

ಸೊಪ್ಪು: ತಾಜಾ ಇರಲಿ, ನೀರು ಚೆಲ್ಲದಿರಲಿ

ಫೋಲೇಟ್ ವಿಷಯದಲ್ಲಿ ಸೊಪ್ಪಿಗೆ ಒಳ್ಳೆಯ ಹೆಸರಿದೆ. ಹಸಿ ಪಾಲಕ್ 100 ಗ್ರಾಂ ತೂಕಕ್ಕೆ ಸುಮಾರು 190 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ಆದರೆ ಈ ವಿಟಮಿನ್ನಿಗೆ ನಾಲ್ಕು ಶತ್ರುಗಳು: ನೀರು, ಬಿಸಿ, ಬೆಳಕು, ಗಾಳಿ. ಸೊಪ್ಪು ಹೊಲದಿಂದ ತಟ್ಟೆಗೆ ಬರುವಷ್ಟರಲ್ಲಿ ನಾಲ್ಕನ್ನೂ ದಾಟಿ ಬರಬೇಕು.

ಮೊದಲ ನಷ್ಟ ಇಟ್ಟುಕೊಳ್ಳುವುದರಲ್ಲಿ. ಕಿತ್ತ ಪಾಲಕ್ ಸೊಪ್ಪನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಇಟ್ಟರೂ ಎಂಟು ದಿನಗಳಲ್ಲಿ ಸುಮಾರು ಅರ್ಧದಷ್ಟು ಫೋಲೇಟ್ ಹೋಗಿರುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಅದೇ ಅರ್ಧ ಹೋಗಲು ನಾಲ್ಕು ದಿನ ಸಾಕು. ನೋಡಲು ಹಸಿರಾಗಿಯೇ ಇರುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ದೊಡ್ಡ ಕಟ್ಟು ತರುವುದಕ್ಕಿಂತ ಎರಡು ದಿನಕ್ಕಾಗುವಷ್ಟು ತಂದು ಮುಗಿಸುವುದು ಉತ್ತಮ. ಅದು ಆಗದವರಿಗೆ ಹೆಪ್ಪುಗಟ್ಟಿಸಿದ ಸೊಪ್ಪೂ ನಡೆಯುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ ಬಾಡಿದ ಸೊಪ್ಪಿಗಿಂತ ಅದೇ ವಾಸಿ.

ಎರಡನೆಯ ನಷ್ಟ ಇನ್ನೂ ದೊಡ್ಡದು. ಫೋಲೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪನ್ನು ತುಂಬ ನೀರಿನಲ್ಲಿ ಕುದಿಸಿ, ಬಸಿದು, ನೀರು ಚೆಲ್ಲಿದರೆ ಅರ್ಧದಷ್ಟು ಫೋಲೇಟ್ ಆ ನೀರಿನೊಂದಿಗೆ ಹೋಗುತ್ತದೆ. ಅದೇ ಸೊಪ್ಪನ್ನು ನಾಲ್ಕೈದು ನಿಮಿಷ ಹಬೆಯಲ್ಲಿ ಬೇಯಿಸಿದರೆ ನಷ್ಟ ಹೆಚ್ಚೇನೂ ಆಗುವುದಿಲ್ಲ. ಎರಡೂ ಕಡೆ ಬಿಸಿ ಹೆಚ್ಚುಕಡಿಮೆ ಒಂದೇ. ಕುದಿಸಿದಾಗ ಫೋಲೇಟ್ ಹೆಚ್ಚಾಗಿ ನಾಶವಾಗುತ್ತಿಲ್ಲ, ಸ್ಥಳ ಬದಲಿಸುತ್ತಿದೆ ಎನ್ನುವುದು ಇದರಿಂದ ತಿಳಿಯುತ್ತದೆ. ಬಸಿದ ನೀರು ಹಸಿರಾಗಿದ್ದರೆ ಎಲೆಯೊಳಗಿನದು ಹೊರಬಂದಿದೆ ಎಂದೇ ಅರ್ಥ.

ಹೀಗೆ ಮಾಡಿ. ಸೊಪ್ಪನ್ನು ಇಡಿ ಎಲೆಯಾಗಿಯೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಕತ್ತರಿಸಿದ ಅಂಚುಗಳಿಂದ ವಿಟಮಿನ್ ನೀರಿಗಿಳಿಯುತ್ತದೆ. ಒಲೆ ಹಚ್ಚುವ ಹೊತ್ತಿಗೆ ಹೆಚ್ಚಿ, ತುಂಬ ಸಣ್ಣಗೆ ಬೇಡ. ತೊಳೆದಾಗ ಎಲೆಗೆ ಅಂಟಿದ ನೀರೇ ಸಾಕು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಾಡಿಸಿ, ಬಣ್ಣ ಕಪ್ಪಿಡುವ ಮೊದಲೇ ಇಳಿಸಿ. ಬೇಯಿಸಲೇಬೇಕಾದ ಗಟ್ಟಿ ಸೊಪ್ಪಾದರೆ ನೀರು ಕಡಿಮೆ ಹಾಕಿ, ಆ ನೀರನ್ನು ಅದೇ ಅಡುಗೆಗೆ ಸೇರಿಸಿ. ಮಾಡಿದ್ದನ್ನು ಅಂದೇ ತಿಂದು ಮುಗಿಸಿ.

ಕಾಳು-ಬೇಳೆ: ಕಟ್ಟನ್ನು ಉಳಿಸಿಕೊಳ್ಳಿ

ನನ್ನನ್ನು ಕೇಳಿದರೆ ದಿನನಿತ್ಯದ ಭರವಸೆಗೆ ಸೊಪ್ಪಿಗಿಂತ ಕಾಳುಗಳೇ ಮೇಲು. ಒಣ ಕಾಳಿನಲ್ಲಿ ಫೋಲೇಟ್ ತಿಂಗಳುಗಟ್ಟಲೆ ಹೆಚ್ಚು ಕೆಡದೆ ಇರುತ್ತದೆ, ಬಾಡುವ ಭಯವಿಲ್ಲ, ಒಂದು ಹೊತ್ತಿಗೆ ತಿನ್ನುವ ಪ್ರಮಾಣವೂ ದೊಡ್ಡದು. ಬೇಯಿಸಿದ 100 ಗ್ರಾಂ ಲೆಕ್ಕದಲ್ಲಿ ಅಲಸಂದೆ ಸುಮಾರು 200 ಮೈಕ್ರೋಗ್ರಾಂ, ಮಸೂರ 180, ಕಡಲೆ 170, ಹೆಸರುಕಾಳು 160 ಕೊಡುತ್ತವೆ. ತಳಿ, ಮಣ್ಣು, ಅಳೆಯುವ ವಿಧಾನಗಳಿಗೆ ತಕ್ಕಂತೆ ಈ ಅಂಕಿಗಳು ಸಾಕಷ್ಟು ಹೆಚ್ಚುಕಡಿಮೆಯಾಗುತ್ತವೆ. ಇವನ್ನು ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ.

ಕಡಲೆಯ ಒಂದು ಪಾತ್ರೆಯ ಲೆಕ್ಕ ಹಾಕಿ ನೋಡೋಣ. 50 ಗ್ರಾಂ ಒಣ ಕಡಲೆಯಲ್ಲಿ ಸುಮಾರು 280 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ಅದು ನೆನೆದು ಬೆಂದ ಮೇಲೆ ಸುಮಾರು 115 ಗ್ರಾಂ ತೂಗುತ್ತದೆ, ಆ ಬೆಂದ ಕಾಳಿನಲ್ಲಿ ಉಳಿದಿರುವುದು ಸುಮಾರು 200. ಕಾಣೆಯಾದ 80ರಲ್ಲಿ ಒಂದು ಭಾಗ ಬಿಸಿಗೆ ನಾಶವಾಗಿರುತ್ತದೆ, ಇನ್ನೊಂದು ಭಾಗ ಕಟ್ಟಿನಲ್ಲಿರುತ್ತದೆ. ಕಟ್ಟನ್ನು ಸಾರಿಗೋ ಸೂಪಿಗೋ ಬಳಸಿದರೆ ಅಷ್ಟನ್ನಾದರೂ ಮರಳಿ ಪಡೆಯಬಹುದು.

ನೆನೆಸಿದ ನೀರಿಗೂ ಸ್ವಲ್ಪ ಇಳಿಯುತ್ತದೆ. ಹೊಟ್ಟೆಯುಬ್ಬರ ಆಗುವವರು ಆ ನೀರನ್ನು ಚೆಲ್ಲಲಿ, ಹೊಟ್ಟೆ ಕೆಟ್ಟು ಕಾಳನ್ನೇ ಬಿಡುವುದಕ್ಕಿಂತ ಅಷ್ಟು ನಷ್ಟ ವಾಸಿ. ಆದರೆ ಬೇಯಿಸಿದ ನೀರನ್ನು ಚೆಲ್ಲಬೇಡಿ. ಕಾಳು ಮುಳುಗುವಷ್ಟೇ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ನೀರೂ ಕಡಿಮೆ, ಸಮಯವೂ ಕಡಿಮೆ. ಡಬ್ಬಿಯ ಕಾಳು ಬಳಸುವವರು ಅದರಲ್ಲಿರುವ ನೀರಿಗೂ ಫೋಲೇಟ್ ಇಳಿದಿರುತ್ತದೆ ಎಂದು ತಿಳಿದಿರಲಿ.

ಮೊಳಕೆ ಬರುವಾಗ ಕಾಳು ಹೊಸದಾಗಿ ಫೋಲೇಟ್ ತಯಾರಿಸಿಕೊಳ್ಳುತ್ತದೆ, ಹಾಗಾಗಿ ಮೊಳಕೆ ಕಾಳು ಒಳ್ಳೆಯ ಆಯ್ಕೆ. ಆದರೆ ಗರ್ಭ ನಿಂತಿರಬಹುದಾದವರು ಅದನ್ನು ಹಸಿಯಾಗಿ ತಿನ್ನಬಾರದು. ಮೊಳಕೆ ಬರಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣದಲ್ಲೇ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಪೂರ್ತಿ ಬೇಯಿಸಿ ತಿನ್ನಿ, ಸ್ವಲ್ಪ ಫೋಲೇಟ್ ಹೋದರೂ ಸರಿ.

ಈಗ ತಟ್ಟೆಯ ಲೆಕ್ಕ

ನಮ್ಮ ಉದಾಹರಣೆಯ ಮಹಿಳೆ ಒಂದು ದಿನ 100 ಗ್ರಾಂ ಪಾಲಕ್, 100 ಗ್ರಾಂ ಬೆಂದ ಮಸೂರ, 100 ಗ್ರಾಂ ಬೆಂದ ಕಡಲೆ ತಿಂದರು ಎಂದುಕೊಳ್ಳಿ. ತಾಜಾ ಸೊಪ್ಪು, ಹಬೆಯಲ್ಲಿ ಬೇಯಿಸಿದ್ದು ಎಂದಾದರೆ 190, 180, 170 ಸೇರಿ ಸುಮಾರು 540 ಮೈಕ್ರೋಗ್ರಾಂ. ಅದೇ ಸೊಪ್ಪು ಫ್ರಿಜ್ಜಿನಲ್ಲಿ ಒಂದು ವಾರ ಇದ್ದು, ಆಮೇಲೆ ಕುದಿಸಿ ನೀರು ಬಸಿದದ್ದಾದರೆ 190 ಎಂಬುದು ಮೊದಲು 95 ಆಗಿ, ನಂತರ 50ರ ಹತ್ತಿರ ಇಳಿಯುತ್ತದೆ. ತಟ್ಟೆ ನೋಡಲು ಒಂದೇ, ಮೊತ್ತ ಮಾತ್ರ 400ಕ್ಕೆ ಇಳಿಯಿತು.

ಅಷ್ಟೂ ದೇಹಕ್ಕೆ ಸೇರುವುದಿಲ್ಲ ಎನ್ನುವುದು ಮುಂದಿನ ಮಾತು. ಆಹಾರದ ಫೋಲೇಟ್ ಅಣುವಿಗೆ ಗ್ಲುಟಮೇಟ್ ಎಂಬ ಘಟಕಗಳ ಉದ್ದನೆಯ ಬಾಲ ಇರುತ್ತದೆ. ಕರುಳಿನ ಕಿಣ್ವವೊಂದು ಆ ಬಾಲವನ್ನು ಕತ್ತರಿಸಿದ ಮೇಲೆಯೇ ಅದು ಒಳಸೇರಬಲ್ಲದು. ಮಾತ್ರೆಯಲ್ಲಿರುವ ಫೋಲಿಕ್ ಆಮ್ಲಕ್ಕೆ ಆ ಬಾಲವಿಲ್ಲ, ಅದು ಹೆಚ್ಚು ಸ್ಥಿರ, ನೇರವಾಗಿ ಒಳಸೇರುತ್ತದೆ. ಆದ್ದರಿಂದಲೇ ಪೋಷಣೆಯ ಲೆಕ್ಕದಲ್ಲಿ ಊಟದ ಜೊತೆ ತೆಗೆದುಕೊಂಡ 0.6 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಆಹಾರದ 1 ಮೈಕ್ರೋಗ್ರಾಂ ಫೋಲೇಟಿಗೆ ಸಮ ಎಂದು ಹಿಡಿಯುತ್ತಾರೆ. ಆ ಪ್ರಕಾರ 400 ಮೈಕ್ರೋಗ್ರಾಂ ಮಾತ್ರೆ ಆಹಾರದ ಸುಮಾರು 670 ಮೈಕ್ರೋಗ್ರಾಂ ಫೋಲೇಟಿಗೆ ಸಮ. ಅಷ್ಟನ್ನು ಪಾಲಕ್ ಒಂದರಿಂದಲೇ ಪಡೆಯಬೇಕಾದರೆ, ಒಂದಿಷ್ಟೂ ನಷ್ಟವಾಗದಂತೆ, ದಿನವೂ 350 ಗ್ರಾಂ. ಅದೂ ಮಾಮೂಲಿ ಊಟದ ಮೇಲೆ ಹೆಚ್ಚುವರಿಯಾಗಿ.

ಆಹಾರದಿಂದಲೇ ಆಗಬಹುದೇ ಎಂದು ಉತ್ತರ ಐರ್ಲೆಂಡಿನ ಸಂಶೋಧಕರು ಪರೀಕ್ಷಿಸಿಯೂ ನೋಡಿದ್ದಾರೆ. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಹಿಳೆಯರನ್ನು ಗುಂಪುಗಳಾಗಿ ವಿಂಗಡಿಸಿ ಮೂರು ತಿಂಗಳು ಗಮನಿಸಿದರು. ಫೋಲಿಕ್ ಆಮ್ಲದ ಮಾತ್ರೆ ಪಡೆದವರಲ್ಲೂ, ಫೋಲಿಕ್ ಆಮ್ಲ ಬೆರೆಸಿದ ಆಹಾರ ತಿಂದವರಲ್ಲೂ ಕೆಂಪು ಕಣಗಳ ಫೋಲೇಟ್ ಸ್ಪಷ್ಟವಾಗಿ ಏರಿತು. ಸಹಜವಾಗಿ ಫೋಲೇಟ್ ಇರುವ ಆಹಾರವನ್ನು ಹೆಚ್ಚಿಸಿಕೊಂಡವರಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಸೊಪ್ಪು-ಕಾಳು ವ್ಯರ್ಥ ಎಂದು ಇದರ ಅರ್ಥವಲ್ಲ. ನಿತ್ಯವೂ ಅವುಗಳನ್ನು ತಿನ್ನುವವರು ಮೇಲಿನ ಮೆಟ್ಟಿಲಿನಿಂದ ಶುರು ಮಾಡುತ್ತಾರೆ, ಮಾತ್ರೆ ಒಂದು ದಿನ ತಪ್ಪಿದರೂ ಅವರಿಗೆ ಆಧಾರ ಇರುತ್ತದೆ, ಕಬ್ಬಿಣ, ಪ್ರೋಟೀನ್, ನಾರು ಮಾತ್ರೆಯಿಂದ ಬರುವುದೂ ಇಲ್ಲ. ಆದರೆ ನರನಾಳದ ರಕ್ಷಣೆಗೆ ಊಟ ಮತ್ತು ಮಾತ್ರೆ ಎರಡೂ ಬೇಕು. ‘ನಾನು ದಿನವೂ ಸೊಪ್ಪು ತಿನ್ನುತ್ತೇನೆ, ಮಾತ್ರೆ ಏಕೆ’ ಎನ್ನುವ ಮಾತನ್ನು ದಯವಿಟ್ಟು ಬಿಡಿ.

ಮಾತ್ರೆ ಕೊಳ್ಳುವಾಗ ಚೀಟಿ ಓದಿ

ಬಹುತೇಕ ಮಹಿಳೆಯರಿಗೆ ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಗರ್ಭ ಧರಿಸಲು ಪ್ರಯತ್ನಿಸುವ ಕಾಲದಿಂದ ಗರ್ಭದ 12ನೇ ವಾರದವರೆಗೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು. ಚೀನಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದೇ ಪ್ರಮಾಣವನ್ನು ಗರ್ಭಧಾರಣೆಗೆ ಮೊದಲಿನಿಂದ ಸರಿಯಾಗಿ ತೆಗೆದುಕೊಂಡವರಲ್ಲಿ, ನರನಾಳದ ದೋಷ ಹೆಚ್ಚಾಗಿದ್ದ ಉತ್ತರದ ಪ್ರದೇಶದಲ್ಲಿ ಅಪಾಯ 79 ಶೇಕಡ ಕಡಿಮೆಯಾಯಿತು, ದೋಷ ಮೊದಲೇ ಕಡಿಮೆ ಇದ್ದ ದಕ್ಷಿಣದಲ್ಲಿ 41 ಶೇಕಡ. ಈ ವ್ಯತ್ಯಾಸದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಎಲ್ಲ ನರನಾಳದ ದೋಷಗಳೂ ಫೋಲೇಟ್ ಕೊರತೆಯಿಂದ ಬರುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ತಾಯಿಗೂ ಹೀಗಾಗಬಹುದು, ಅದು ಆಕೆಯ ತಪ್ಪಲ್ಲ.

ಅಂಗಡಿಯಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ. 400 ಮೈಕ್ರೋಗ್ರಾಂ ಎಂದರೆ 0.4 ಮಿಲಿಗ್ರಾಂ. 5 ಮಿಲಿಗ್ರಾಂ ಮಾತ್ರೆಗಳೂ ಸಿಗುತ್ತವೆ, ಅದು 5000 ಮೈಕ್ರೋಗ್ರಾಂ, ಅಂದರೆ ಹನ್ನೆರಡೂವರೆ ಪಟ್ಟು. ಎರಡೂ ಸಣ್ಣ ಮಾತ್ರೆಗಳೇ, ಪೊಟ್ಟಣದ ಮೇಲೆ ಬರೆದದ್ದನ್ನು ಓದದೆ ವ್ಯತ್ಯಾಸ ತಿಳಿಯುವುದಿಲ್ಲ. ಮಲ್ಟಿವಿಟಮಿನ್ ಕೊಳ್ಳುವವರು ಅದರಲ್ಲಿ ಫೋಲಿಕ್ ಆಮ್ಲ ಎಷ್ಟಿದೆ ಎಂದು ನೋಡಿ. ಸಾಲದಿದ್ದರೆ ಅದನ್ನೇ ಎರಡು-ಮೂರು ನುಂಗಬೇಡಿ. ಜೊತೆಗಿರುವ ವಿಟಮಿನ್ ಎ ಮಿತಿಮೀರಿದರೆ ಭ್ರೂಣಕ್ಕೆ ಹಾನಿ.

ಹಲ್ಲುಜ್ಜುವ ಬ್ರಷ್ಷಿನ ಪಕ್ಕವೋ ದಿನವೂ ಕೈ ಹೋಗುವ ಬೇರೆ ಕಡೆಯೋ ಮಾತ್ರೆ ಇಟ್ಟುಕೊಳ್ಳಿ. ಒಂದು ದಿನ ಮರೆತರೆ ಮರುದಿನ ಎಂದಿನಂತೆ ಒಂದು ತೆಗೆದುಕೊಂಡರೆ ಸಾಕು.

400 ಸಾಲದವರು ಯಾರು

ಹಿಂದಿನ ಗರ್ಭದಲ್ಲಿ ಮಗುವಿಗೆ ನರನಾಳದ ದೋಷ ಆಗಿದ್ದವರು, ತಮಗೇ ಅಥವಾ ಮಗುವಿನ ತಂದೆಗೆ ಆ ದೋಷ ಇದ್ದವರು ಮೊದಲೇ ವೈದ್ಯರನ್ನು ಕಾಣಬೇಕು. ಇಂತಹ ಮಹಿಳೆಯರ ಬಗ್ಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲವು ದೋಷ ಮರುಕಳಿಸುವುದನ್ನು 72 ಶೇಕಡ ತಡೆಯಿತು. ಅವರಿಗೆ 4 ಅಥವಾ 5 ಮಿಲಿಗ್ರಾಂ ಬರೆಯುವುದು ಅದಕ್ಕಾಗಿಯೇ.

ಅಪಸ್ಮಾರಕ್ಕೆ ವ್ಯಾಲ್‌ಪ್ರೊಯೇಟ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಿಗೂ, ಗರ್ಭಕ್ಕೆ ಮೊದಲೇ ಮಧುಮೇಹ ಇರುವವರಿಗೂ ಅಪಾಯ ಹೆಚ್ಚು. ಹಾಗೆಂದು ಅಪಸ್ಮಾರದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು, ಫಿಟ್ಸ್ ಬಂದರೆ ತಾಯಿಗೂ ಮಗುವಿಗೂ ಕೇಡು. ಗರ್ಭಕ್ಕೆ ತಿಂಗಳುಗಳ ಮೊದಲೇ ಕೇಳಿದರೆ ಔಷಧ ಬದಲಿಸಲು, ಸಕ್ಕರೆ ಹಿಡಿತಕ್ಕೆ ತರಲು ವೈದ್ಯರಿಗೆ ಸಮಯ ಸಿಗುತ್ತದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವವರು ಅದನ್ನು ನಿಲ್ಲಿಸಿ ವೈದ್ಯರು ಹೇಳಿದಷ್ಟು ಕಾಲ ಕಳೆಯುವವರೆಗೆ ಗರ್ಭ ಧರಿಸಲೇಬಾರದು. ಅದು ಫೋಲೇಟಿನ ಕೆಲಸವನ್ನೇ ತಡೆಯುವ ಔಷಧ.

ಮಾಂಸ, ಹಾಲು ಕಡಿಮೆ ತಿನ್ನುವವರು ಬಿ12 ಮರೆಯಬೇಡಿ

ಜೀವಕೋಶ ವಿಭಜನೆಗೆ ಬೇಕಾದ ಡಿಎನ್‌ಎ ತಯಾರಿಕೆಯಲ್ಲಿ ಫೋಲೇಟ್ ಪದೇ ಪದೇ ಬಳಕೆಯಾಗುತ್ತದೆ. ಹಾಗೆ ಬಳಕೆಯಾಗಲು ಅದನ್ನು ಮತ್ತೆ ಕೆಲಸಕ್ಕೆ ಬರುವ ರೂಪಕ್ಕೆ ತರುವುದು ಬಿ12 ನೆರವಿನಿಂದ ನಡೆಯುವ ಒಂದು ಕ್ರಿಯೆ. ಬಿ12 ಇಲ್ಲದಿದ್ದರೆ ದೇಹದಲ್ಲಿ ಫೋಲೇಟ್ ಇದ್ದೂ ಒಂದೇ ರೂಪದಲ್ಲಿ ಸಿಕ್ಕಿಕೊಂಡು ಉಪಯೋಗಕ್ಕೆ ಬಾರದು. ಬಿ12 ಕಡಿಮೆ ಇರುವ ತಾಯಂದಿರಲ್ಲಿ ನರನಾಳದ ದೋಷದ ಅಪಾಯ ಹೆಚ್ಚು ಎಂದು ಕಂಡುಬಂದಿದೆ. ಸೊಪ್ಪಿನಲ್ಲಾಗಲಿ ಕಾಳಿನಲ್ಲಾಗಲಿ ಬಿ12 ಇಲ್ಲ. ಸಸ್ಯಾಹಾರಿಗಳು, ಅದರಲ್ಲೂ ಹಾಲು-ಮೊಸರು ಕೂಡ ತಿನ್ನದವರು, ಫೋಲಿಕ್ ಆಮ್ಲ ಶುರು ಮಾಡುವಾಗಲೇ ಬಿ12 ಪರೀಕ್ಷೆ ಮಾಡಿಸಿಕೊಂಡು, ಕಡಿಮೆ ಇದ್ದರೆ ಅದನ್ನೂ ತೆಗೆದುಕೊಳ್ಳಬೇಕು.

ವೈದ್ಯರು ಹೇಳದೆ ದಿನಕ್ಕೆ 1000 ಮೈಕ್ರೋಗ್ರಾಂ ಮೀರಿ ಫೋಲಿಕ್ ಆಮ್ಲ ತೆಗೆದುಕೊಳ್ಳಬಾರದು ಎನ್ನುವುದೂ ಇದೇ ಕಾರಣಕ್ಕೆ. ಹೆಚ್ಚಿನ ಫೋಲಿಕ್ ಆಮ್ಲವು ಬಿ12 ಕೊರತೆಯ ರಕ್ತಹೀನತೆಯನ್ನು ಸರಿಪಡಿಸಿ, ಕೊರತೆಯನ್ನೇ ಮರೆಮಾಡುತ್ತದೆ. ಆದರೆ ನರಗಳಿಗೆ ಆಗುತ್ತಿರುವ ಹಾನಿ ಒಳಗೇ ಮುಂದುವರಿಯುತ್ತದೆ. ಕೈಕಾಲು ಜೋಮು, ನಡೆಯುವಾಗ ತೂರಾಡಿದಂತೆ ಆಗುವುದು ಕಂಡರೆ ತಡಮಾಡದೆ ತೋರಿಸಿ. ಸೊಪ್ಪು-ಕಾಳುಗಳಲ್ಲಿರುವ ಫೋಲೇಟಿಗೆ ಈ ಮಿತಿ ಇಲ್ಲ, ಎಷ್ಟು ಬೇಕಾದರೂ ತಿನ್ನಬಹುದು.

ಗರ್ಭ ಆಗಲೇ ನಿಂತಿದ್ದರೆ

ಮಾತ್ರೆ ತೆಗೆದುಕೊಳ್ಳದೆ ಗರ್ಭ ನಿಂತಿದೆ ಎಂದು ಗೊತ್ತಾದರೆ ಇಂದೇ ಶುರು ಮಾಡಿ, 12 ವಾರದವರೆಗೆ ಮುಂದುವರಿಸಿ. ಫೋಲಿಕ್ ಆಮ್ಲ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲೂ ಬಹುಪಾಲು ನರನಾಳದ ದೋಷವಿಲ್ಲದೆಯೇ ಹುಟ್ಟುತ್ತವೆ, ಹಾಗಾಗಿ ಗಾಬರಿಪಡಬೇಕಿಲ್ಲ. 12 ವಾರದ ಬಳಿಕವೂ ರಕ್ತ ತಯಾರಿಕೆಗೆ ಫೋಲೇಟ್ ಬೇಕು. ಆಗ ವೈದ್ಯರು ಕಬ್ಬಿಣದ ಜೊತೆಗಿರುವ ಮಾತ್ರೆಯನ್ನು ಬರೆಯಬಹುದು, ಸೊಪ್ಪು-ಕಾಳು ಮುಂದುವರಿಯಲಿ.

ಅನೆನ್ಸೆಫಲಿ 11ರಿಂದ 14ನೇ ವಾರದ ಸ್ಕ್ಯಾನಿನಲ್ಲೇ ಸಾಮಾನ್ಯವಾಗಿ ಕಾಣುತ್ತದೆ. ಸ್ಪೈನಾ ಬಿಫಿಡಾ ಹೆಚ್ಚಾಗಿ ತಿಳಿಯುವುದು 18ರಿಂದ 20ನೇ ವಾರದ ವಿವರವಾದ ಸ್ಕ್ಯಾನಿನಲ್ಲಿ. ಮೊದಲ ಭೇಟಿಯಲ್ಲೇ ವೈದ್ಯರಿಗೆ ಮೂರು ವಿಷಯ ಹೇಳಿ: ಮಾತ್ರೆ ಯಾವ ದಿನಾಂಕದಿಂದ ತೆಗೆದುಕೊಳ್ಳುತ್ತಿದ್ದೀರಿ, ಎಷ್ಟು ಪ್ರಮಾಣದ್ದು, ಎರಡೂ ಮನೆಗಳಲ್ಲಿ ಯಾರಿಗಾದರೂ ಈ ದೋಷ ಇತ್ತೇ.